ಪಕ್ಕೆಲುಬು ಇಳಿದರೆ ಬಾರ್ ನೇರ ಏರುತ್ತದೆ

ರಾಣೆಬೆನ್ನೂರಿನ ಜಿಮ್ಮಿನಲ್ಲಿ ಹೊಸಬರಿಗೆ ಓವರ್‌ಹೆಡ್ ಪ್ರೆಸ್ ಹೇಳಿಕೊಡುವಾಗ ನಾನು ಭುಜದ ಮಾತು ಎತ್ತುವುದು ಆಮೇಲೆ. ಮೊದಲು ಪಕ್ಕೆಲುಬು. ಇದು ನನಗೆ ಮನವರಿಕೆಯಾದದ್ದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಹುಡುಗನೊಬ್ಬನಿಂದ. ದಿನವಿಡೀ ಚೀಲ ಹೊರುವ ಮೈ, ಶಕ್ತಿಗೇನೂ ಕೊರತೆಯಿಲ್ಲ. ಆದರೂ 30 ಕಿಲೋ ನಾಲ್ಕು ಸಲ ಎತ್ತಿ ಬಾರ್ ಇಳಿಸಿದವನೇ, “ಸರ, ಭುಜಕ್ಕ ಏನೂ ಆಗಿಲ್ರಿ, ನಡಾ ಹಿಡಕೊಳ್ಳಾಕತ್ತೈತಿ” ಅಂದ.

ಪಕ್ಕದಲ್ಲಿ ನಿಂತು ನೋಡಿದರೆ ಕಾರಣ ಕಾಣುತ್ತಿತ್ತು. ಬಾರ್ ಹಣೆ ದಾಟುವಾಗ ಕೆಳಪಕ್ಕೆಲುಬುಗಳು ಮೇಲೆದ್ದು ಎದೆ ಆಕಾಶ ನೋಡುತ್ತಿತ್ತು. ಚೀಲ ಹೊರುವವರ ಮೈ ಮುಂದಕ್ಕೆ ಬಾಗಿ ಪಳಗಿರುತ್ತದೆ. ತೋಳು ನೆತ್ತಿಯ ಮೇಲೆ ಪೂರ್ತಿ ಹೋಗದಿದ್ದಾಗ ಆ ಕೊರತೆಯನ್ನು ಅವನು ನಡು ಬಗ್ಗಿಸಿ ತುಂಬಿಕೊಳ್ಳುತ್ತಿದ್ದ. ಹಿಂದೆ ಒಲಿಂಪಿಕ್ಸ್‌ನಲ್ಲೂ ಇದೇ ರೋಗವಿತ್ತು. ಹಿಂದಕ್ಕೆ ಬಾಗಿ ಎತ್ತುವುದು ಅತಿಯಾಗಿ, ತೀರ್ಪು ಕೊಡುವುದೇ ಕಷ್ಟವಾಯಿತು. 1972ರ ಮ್ಯೂನಿಕ್ ನಂತರ ಪ್ರೆಸ್ ಅನ್ನು ಸ್ಪರ್ಧೆಯಿಂದ ಕೈಬಿಟ್ಟರು.

ಆ ಹುಡುಗನಿಗೆ ಬರೀ 20 ಕಿಲೋ ಬಾರ್ ಕೊಟ್ಟು ಮತ್ತೆ ಶುರು ಮಾಡಿಸಿದೆ. ಬಾರ್ ಹಿಡಿಯುವ ಮುನ್ನ ಒಂದು ಕೈ ಕೆಳಪಕ್ಕೆಲುಬಿನ ಮೇಲೆ, ಇನ್ನೊಂದು ಕೈ ಸೊಂಟದ ಮುಂದಿನ ಎಲುಬಿನ ಮೇಲೆ ಇಡಿಸಿದೆ. ಪೂರ್ತಿ ಉಸಿರು ಬಿಟ್ಟಾಗ ಪಕ್ಕೆಲುಬು ಕೆಳಗಿಳಿದು ಎರಡೂ ಕೈ ಹತ್ತಿರವಾಗುತ್ತವೆ. ಅದೇ ಜಾಗದಲ್ಲಿ ಅದನ್ನು ಹಿಡಿದಿಟ್ಟುಕೊಂಡು ಹೊಟ್ಟೆಗೆ ಉಸಿರು ತುಂಬಬೇಕು. ಜೊತೆಗೆ ಮೊಣಕಾಲು ನೇರ ಮಾಡಿ ಕುಂಡಿಯ ಸ್ನಾಯುಗಳನ್ನು ಬಿಗಿಹಿಡಿಯಬೇಕು. ಹಾಗೆ ಬಿಗಿದಾಗ ಸೊಂಟ ಮುಂದಕ್ಕೆ ವಾಲುವುದಿಲ್ಲ, ನಡುವಿನ ಬಳುಕು ನಿಲ್ಲುತ್ತದೆ. ಸೊಂಟವನ್ನೇ ಮುಂದೆ ತಳ್ಳುವುದು ಬೇರೆ, ಅದು ಬೇಡ. ಮೊದಲ ಎತ್ತಿಗೆ ಬಿಗಿದು ಮೂರನೆಯದಕ್ಕೆ ಸಡಿಲ ಬಿಡುವವರೇ ಹೆಚ್ಚು. ಪ್ರತಿ ಸಲ ಬಾರ್ ಎದೆಗೆ ಬಂದಾಗಲೂ ಹೊಸದಾಗಿ ಉಸಿರು, ಹೊಸದಾಗಿ ಬಿಗಿ.

ಇನ್ನು ಬಾರ್ ಸಾಗುವ ದಾರಿ. ಗೌಂಡಿ ಓಳಂಬ ಬಿಟ್ಟಂತೆ ಅದು ಪಾದದ ನಡುಭಾಗದ ಮೇಲೆ ನೇರವಾಗಿರಬೇಕು. ಮುಖ ಅಡ್ಡ ಬರುತ್ತದೆಂದು ಹೊಸಬರು ಬಾರನ್ನೇ ಮುಂದೆ ತಳ್ಳುತ್ತಾರೆ, ಆಗ ಭಾರ ಕಾಲ್ಬೆರಳಿಗೆ ಬರುತ್ತದೆ. ಸರಿಯಬೇಕಾದ್ದು ಮುಖ. ಗದ್ದ ಹಿಂದಕ್ಕೆಳೆದು ಬಾರನ್ನು ಮೂಗಿಗೆ ತಾಗುವಷ್ಟು ಹತ್ತಿರ ಒಯ್ದು, ಅದು ಹಣೆ ದಾಟಿದ ಕೂಡಲೇ ತಲೆಯನ್ನು ತೋಳುಗಳ ನಡುವೆ ತರಬೇಕು. ಕೊನೆಯಲ್ಲಿ ಬಾರ್ ಭುಜದ ಕೀಲಿನ ನೇರಕ್ಕೆ ನಿಲ್ಲಬೇಕು.

ಆ ಹುಡುಗನಿಗೆ ಇಷ್ಟೂ ಸಾಲಲಿಲ್ಲ. ಗೋಡೆಗೆ ಬೆನ್ನು ಒತ್ತಿ ನಿಂತು ಕೈ ಎತ್ತಿದರೆ, ಹೆಬ್ಬೆರಳು ಗೋಡೆ ಮುಟ್ಟುವ ಮೊದಲೇ ಪಕ್ಕೆಲುಬು ಏಳುತ್ತಿತ್ತು. ಅಂಥವರಿಗೆ ಒಂದು ಮೊಣಕಾಲೂರಿ ಒಂಟಿ ಡಂಬೆಲ್ ಎತ್ತಿಸುತ್ತೇನೆ; ಊರಿದ ಕಾಲಿನ ಕಡೆಯ ಕುಂಡಿ ಬಿಗಿಯಾಗಿರಬೇಕು. ಭುಜ ಸಡಿಲವಾದ ಮೇಲೆ ಅವನು ಬಾರ್‌ಗೆ ಮರಳಿದ, ನಡುನೋವಿನ ಮಾತು ನಿಂತಿತು.

ಹಾವೇರಿಯಲ್ಲೋ ಬ್ಯಾಡಗಿಯಲ್ಲೋ ಹೇಳಿಕೊಡುವವರಿಲ್ಲದೆ ಎತ್ತುತ್ತಿದ್ದೀರಾದರೆ, ಮೊಬೈಲನ್ನು ಎದುರಿಗಲ್ಲ, ಪಕ್ಕಕ್ಕಿಟ್ಟು ವಿಡಿಯೊ ಮಾಡಿಕೊಳ್ಳಿ. ಒಂದು ಎತ್ತಿನಲ್ಲೂ ಪಕ್ಕೆಲುಬು ಏಳದಿದ್ದರೆ ಮಾತ್ರ ಮುಂದಿನ ಎರಡೂವರೆ ಕಿಲೋ ಹಾಕಿ.