ಓಟಿಪಿ ಯಾರ ಫೋನಿಗೆ ಬರುತ್ತದೆ?

ಪ್ರಶ್ನೆ: ಪೀಣ್ಯದ ಪಾಲುದಾರಿಕೆ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಮ್ಮನಿಗೆ ಎರಡೂ ಮಂಡಿಚಿಪ್ಪಿನ ಆಪರೇಷನ್. ಜುಲೈ 1ರಿಂದ ಆರು ವಾರ ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿರಬೇಕು. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಇಷ್ಟು ದಿನದ ರಜೆಗೆ ಮೇಲ್ ಹೇಗೆ ಬರೆಯಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅಮ್ಮನ ವಿಷಯಕ್ಕೆ ಒಂದು ಸಾಲು ಸಾಕು ತಾಯಿ, ವೈದ್ಯಕೀಯ ವಿವರವೆಲ್ಲ ಬೇಡ. ಮೊದಲು ಮಾಲೀಕರಿಗೆ ಬಾಯಲ್ಲಿ ಹೇಳಿ, ಅದೇ ದಿನ ಮೇಲ್ ಕಳಿಸಿ. ವಿಷಯದ ಸಾಲಿನಲ್ಲೇ ತಾರೀಖು ಇರಲಿ: "ರಜೆ ಕೋರಿಕೆ: ಜುಲೈ 1ರಿಂದ ಆಗಸ್ಟ್ 11." ಎಷ್ಟು ದಿನ ಗಳಿಕೆ ರಜೆ, ಎಷ್ಟು ದಿನ ಸಂಬಳವಿಲ್ಲದ ರಜೆ, ಕೆಲಸಕ್ಕೆ ಮರಳುವುದು ಆಗಸ್ಟ್ 12ಕ್ಕೆ ಎಂಬುದನ್ನೂ ಬರೆಯಿರಿ.

ಮಾಲೀಕರಿಗೆ ನಿಜವಾದ ಭಯ ಇರುವುದು ಗಡುವಿನ ತಾರೀಖುಗಳದ್ದು. "ಕೆಲಸವನ್ನು ಸಹೋದ್ಯೋಗಿ ನೋಡಿಕೊಳ್ಳುತ್ತಾರೆ" ಎಂದರೆ ಆ ಭಯ ಹೋಗದು. ತಾರೀಖು ಹಿಡಿದು ಬರೆಯಿರಿ:

"7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಇವನ್ನು ಬಿಲ್ಲಿಂಗ್ ನೋಡುವವರು ತಯಾರಿಸುತ್ತಾರೆ, ನಮ್ಮ ಆಡಿಟರ್ ಕಚೇರಿಯವರು ಪರಿಶೀಲಿಸುತ್ತಾರೆ. ಇಬ್ಬರೂ ಒಪ್ಪಿದ್ದಾರೆ. ಆಗಸ್ಟ್ 7 ಮತ್ತು 11ರ ಕೆಲಸಗಳೂ ಇದರಲ್ಲಿ ಸೇರಿವೆ."

"ಒಪ್ಪಿದ್ದಾರೆ" ಎಂದು ಬರೆಯುವ ಮುಂಚೆ ನಿಜವಾಗಿ ಕೇಳಿರಿ. ಕೇಳದೆ ಹೆಸರು ಹಾಕಿದರೆ ಜುಲೈ ಮೊದಲ ವಾರದಲ್ಲೇ ಮನಸ್ತಾಪ ಶುರು.

ಇನ್ನು ಸಣ್ಣ ಸಂಸ್ಥೆಗಳಲ್ಲಿ ಎಲ್ಲರೂ ಮರೆಯುವ ಮಾತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಿರುವ ಮೊಬೈಲ್ ನಂಬರ್ ಹಲವು ಕಡೆ ಅಕೌಂಟೆಂಟರದ್ದೇ ಆಗಿರುತ್ತದೆ. ರಿಟರ್ನ್ ಸಲ್ಲಿಸುವ ಓಟಿಪಿ ಆ ನಂಬರಿಗೇ ಬರುತ್ತದೆ. 20ರ ಸಂಜೆ ನಿಮ್ಮ ಫೋನಿಗೆ ಸಿಗ್ನಲ್ ಸಿಗದಿದ್ದರೆ ರಿಟರ್ನ್ ನಿಲ್ಲುತ್ತದೆ. ಆಮೇಲೆ ದಿನದ ಲೆಕ್ಕದಲ್ಲಿ ತಡ ಶುಲ್ಕ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಜೂನ್‌ನಲ್ಲೇ ಆ ಮೊಬೈಲ್ ನಂಬರನ್ನು ಸಹಿ ಅಧಿಕಾರವಿರುವ ಪಾಲುದಾರರ ನಂಬರಿಗೆ ಬದಲಾಯಿಸಿ. ಇಪಿಎಫ್, ಬ್ಯಾಂಕ್ ಖಾತೆಗಳದ್ದೂ ನೋಡಿ. ಪಾಸ್‌ವರ್ಡ್‌ಗಳನ್ನು ಮೇಲ್‌ನಲ್ಲಿ ಮಾತ್ರ ಬರೆಯಬೇಡಿ.

ಸಂಪರ್ಕದ ಸಾಲಿನಲ್ಲಿ "ಯಾವಾಗ ಬೇಕಾದರೂ ಕರೆ ಮಾಡಿ" ಎನ್ನಬೇಡಿ. ಆಸ್ಪತ್ರೆಯಲ್ಲಿ ಅದನ್ನು ಉಳಿಸಿಕೊಳ್ಳಲಾಗದು. ಹೀಗೆ ಬರೆಯಿರಿ: "ಸೋಮವಾರದಿಂದ ಶುಕ್ರವಾರ ಸಂಜೆ 5ರಿಂದ 6ರವರೆಗೆ ಈ ನಂಬರಿನಲ್ಲಿ ಸಿಗುತ್ತೇನೆ. ಊರಿನಲ್ಲಿ ಸಿಗ್ನಲ್ ಕಡಿಮೆ, ತುರ್ತಾದರೆ ತಮ್ಮನ ನಂಬರಿಗೆ ಕರೆ ಮಾಡಿ. ಆಪರೇಷನ್ ದಿನ ಮತ್ತು ಮರುದಿನ ಸಿಗುವುದಿಲ್ಲ." ತಮ್ಮನಿಗೂ ಮೊದಲೇ ಹೇಳಿಡಿ.

ಜೂನ್ 20ರ ರಿಟರ್ನನ್ನು ಬಿಲ್ಲಿಂಗ್ ನೋಡುವ ಸಹೋದ್ಯೋಗಿಯೇ ಸಲ್ಲಿಸಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ತಡೆದು ನಿಮ್ಮ ಮುಖ ನೋಡುತ್ತಾರೋ ಆ ಹೆಜ್ಜೆಯನ್ನು ಬರೆದುಕೊಟ್ಟು ಹೊರಡಿ. ರಜೆ ಮಂಜೂರಾದ ಉತ್ತರ ಮೇಲ್‌ನಲ್ಲೇ ಬರಲಿ, ಬಾಯಿಮಾತಿಗೆ ಟಿಕೆಟ್ ತೆಗೆಸಬೇಡಿ.