ಸುತ್ತಿನ ಲೆಕ್ಕ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ತರುಣನೊಬ್ಬನು, ಮಣ್ಣಿನ ಬಯಲಿನಲ್ಲಿ ಸುಣ್ಣದ ಗೆರೆಯೆಳೆದು, 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕೆಂದು ಹೊರಟಿರುವನೆನ್ನೋಣ. 400 ಮೀಟರಿನ ಸುತ್ತುಗಳು ನಾಲ್ಕು, ಸುತ್ತೊಂದಕ್ಕೆ 97.5 ಸೆಕೆಂಡು.

ಅವನ ಸುತ್ತುಗಳು ಕ್ರಮವಾಗಿ 85, 98, 107, 105 ಸೆಕೆಂಡುಗಳಾದುವೆಂದರೆ ಒಟ್ಟು 395. ಐದು ಸೆಕೆಂಡು ತಡ. ಸೋಲು ಕಂಡದ್ದು ಕೊನೆಗಾದರೂ ತಪ್ಪು ನಡೆದದ್ದು ಮೊದಲ ಸುತ್ತಿನಲ್ಲಿಯೇ. ಉಸಿರಿನಿಂದ ಒದಗುವ ಆಮ್ಲಜನಕಕ್ಕೆ ಮೀರಿದ ವೇಗದಲ್ಲಿ ಸ್ನಾಯುಗಳು ದುಡಿದುವು. ಆ ಸಾಲವನ್ನು ಮೂರನೆಯ ಸುತ್ತು ತೆರಬೇಕಾಯಿತು. 97, 98, 98, 97 ಎಂದು ಓಡಿದ್ದರೆ ಗುರಿ ಮುಟ್ಟುತ್ತಿದ್ದನು.

ಈ ಲೆಕ್ಕವನ್ನು ನಂಬಬೇಕಾದರೆ ಪಥ ಬದಲಾಗಕೂಡದು. 400 ಮೀಟರೆಂಬುದು ತೀರ ಒಳಗಿನ ಪಥದ ಅಳತೆ. ಪಥದ ಅಗಲ 1.22 ಮೀಟರಾದ್ದರಿಂದ ಎರಡನೆಯ ಪಥದ ಪೂರ್ಣ ಸುತ್ತು ಸುಮಾರು 407 ಮೀಟರಾಗುತ್ತದೆ. ಅದೇ ವೇಗಕ್ಕೆ ಒಂದೂಮುಕ್ಕಾಲು ಸೆಕೆಂಡು ಹೆಚ್ಚು ಬೇಕು. ಆದುದರಿಂದಲೇ ಮೊದಲ ಪಥವನ್ನು ವೇಗದ ಓಟದವರಿಗೆ ಬಿಟ್ಟು, ಮೆಲ್ಲಗೆ ಓಡುವವರು ಹೊರಪಥಗಳನ್ನು ಹಿಡಿಯುವುದು ವಾಡಿಕೆ. ಮುಂದಿನವನನ್ನು ಬಲಗಡೆಯಿಂದ ದಾಟಬೇಕು. ಓಟ ಮುಗಿದೊಡನೆ ಗೆರೆಯ ಮೇಲೆ ನಿಲ್ಲದೆ, ಹಿಂದೆ ನೋಡಿ ಹೊರಕ್ಕೆ ಸರಿಯಬೇಕು.

400 ಮೀಟರನ್ನು ನಡುನಡುವೆ ವಿರಮಿಸುತ್ತ ನಾಲ್ಕು ಬಾರಿ ವೇಗವಾಗಿ ಓಡುವ ಅಭ್ಯಾಸಕ್ಕೆ ಮುಂಚೆ, ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡಿ, ಬಳಿಕ 80 ಮೀಟರಿನಷ್ಟು ದೂರವನ್ನು ಮೂರು ನಾಲ್ಕು ಬಾರಿ ವೇಗವೇರಿಸುತ್ತ ಓಡಬೇಕು. ಬೆಚ್ಚಗಾಗದ ಸ್ನಾಯು ಆಮ್ಲಜನಕವನ್ನು ತಡವಾಗಿ ಬಳಸತೊಡಗುತ್ತದೆ. ಮೊದಲನೆಯ ಓಟ ಭಾರವೆನಿಸಿ, ಅದೇ ವೇಗದ ಎರಡನೆಯದು ಹಗುರವೆನಿಸಿದರೆ, ಮೈ ಸಾಕಷ್ಟು ಕಾದಿರಲಿಲ್ಲವೆಂದು ತಿಳಿಯಬಹುದು.