ವಾಸ್ತವ ಅಕ್ಷವೆಂಬ ಕನ್ನಡಿ

z = x + iy ಎಂಬ ಸಂಮಿಶ್ರ ಸಂಖ್ಯೆಯು ಸಮತಲದ ಒಂದು ಬಿಂದು. ವಾಸ್ತವ ಅಕ್ಷವನ್ನು ಕನ್ನಡಿಯೆಂದು ಭಾವಿಸಿದರೆ, ಈ ಬಿಂದುವಿನ ಬಿಂಬವೇ x − iy ಎಂಬ ಸಂಯುಗ್ಮಿ. ಇದನ್ನು z* ಎಂದು ಬರೆಯೋಣ. ಅಕ್ಷದ ಮೇಲ್ಗಡೆಯಲ್ಲಿ ಮಾತ್ರ ನಮಗೆ ತಿಳಿದಿರುವ ಒಂದು ವೈಶ್ಲೇಷಿಕ ಉತ್ಪನ್ನ f(z), ಎಂದರೆ ಅಲ್ಲಿ ಎಲ್ಲೆಡೆಯೂ ನಿಷ್ಪನ್ನವುಳ್ಳ ಉತ್ಪನ್ನ, ಇದೆಯೆನ್ನೋಣ. ಇದನ್ನು ಅಕ್ಷದಾಚೆಗೂ ವಿಸ್ತರಿಸಬಹುದೆ?

ಜರ್ಮನಿಯ ಗಣಿತಜ್ಞ ಹರ್ಮನ್ ಶ್ವಾರ್ಟ್ಸ್ (1843–1921) ಹೆಸರಿನ ಪ್ರತಿಫಲನ ತತ್ತ್ವವು ಇದಕ್ಕೊಂದು ದಾರಿ ತೋರಿಸುತ್ತದೆ. f ಅಕ್ಷದ ಒಂದು ತುಂಡಿನವರೆಗೆ ಎಲ್ಲಿಯೂ ಕಡಿಯದೆ ಮುಂದುವರಿದು, ಆ ತುಂಡಿನ ಮೇಲೆ ವಾಸ್ತವ ಬೆಲೆಗಳನ್ನೇ ತಾಳಿದರೆ, ಕೆಳಗಡೆಗೆ ಹೀಗೆ ನಿರೂಪಿಸಬೇಕು:

F(z) = [f(z*)]*

ಇಲ್ಲಿ ಎರಡು ಬಾರಿ ಪ್ರತಿಫಲನ ಏಕೆ? z* ಒಂದೇ ವೈಶ್ಲೇಷಿಕವಲ್ಲ. z ಬಿಂದುವಿನಿಂದ h ನಷ್ಟು ಸರಿದರೆ, ಅದರ ಬಿಂಬ h* ನಷ್ಟು ಸರಿಯುತ್ತದೆ. h*/h ಎಂಬ ನಿಷ್ಪತ್ತಿಯು ಅಡ್ಡಲಾಗಿ ಸರಿದಾಗ 1, ಲಂಬವಾಗಿ ಸರಿದಾಗ −1. ಆದ್ದರಿಂದ ನಿಷ್ಪನ್ನವೇ ಇಲ್ಲ. ಕನ್ನಡಿಯು ಕೋನಗಳ ಅಳತೆಯನ್ನು ಉಳಿಸಿ, ಅವುಗಳ ಸುತ್ತನ್ನು ಹಿಂದುಮುಂದು ಮಾಡುತ್ತದೆ. ಬೆಲೆಯನ್ನೂ ಮತ್ತೊಮ್ಮೆ ಪ್ರತಿಫಲಿಸಿದಾಗ ಸುತ್ತು ಸರಿಹೋಗಿ, F ವೈಶ್ಲೇಷಿಕವಾಗುತ್ತದೆ.

ಇನ್ನು ಬೆಸುಗೆಯ ಮಾತು. ಅಕ್ಷದ ಮೇಲೆ z* = z; ಅಲ್ಲಿ f ವಾಸ್ತವವಾದ್ದರಿಂದ f* = f. ಎರಡು ತುಂಡುಗಳೂ ಅಲ್ಲಿ ಒಂದೇ ಬೆಲೆಯಲ್ಲಿ ಕೂಡುತ್ತವೆ. ಆದರೆ ಕೂಡಿದರೆ ಸಾಲದು, ಬೆಸುಗೆಯ ಮೇಲೂ ನಿಷ್ಪನ್ನವಿರಬೇಕಲ್ಲವೆ? ಅಕ್ಷವನ್ನು ದಾಟುವ ಒಂದು ಸಣ್ಣ ತ್ರಿಕೋನವನ್ನು ಅಕ್ಷದ ಗುಂಟ ಎರಡಾಗಿ ಕತ್ತರಿಸೋಣ. ಕೋಶಿಯ ಪ್ರಮೇಯದಂತೆ ಎರಡು ತುಂಡುಗಳ ಸುತ್ತಲಿನ ಅನುಕಲಗಳೂ ಸೊನ್ನೆ; ಅಕ್ಷದ ಮೇಲಿನ ಸಾಮಾನ್ಯ ಅಂಚು ಎರಡು ವಿರುದ್ಧ ದಿಕ್ಕುಗಳಲ್ಲಿ ಬಂದು ರದ್ದಾಗುತ್ತದೆ. ಆದ್ದರಿಂದ ಇಡೀ ತ್ರಿಕೋನದ ಅನುಕಲವೂ ಸೊನ್ನೆ. ಹೀಗಿದ್ದರೆ ಉತ್ಪನ್ನವು ಅಲ್ಲಿಯೂ ವೈಶ್ಲೇಷಿಕವೆಂಬುದು ಮೊರೇರಾನ ಪ್ರಮೇಯ.

ಒಂದು ಉದಾಹರಣೆಯನ್ನು ನೋಡೋಣ. ಮೇಲ್ಗಡೆಯಲ್ಲಿ f(z) = √z ಇರಲಿ; ಧನ ಅಕ್ಷದ ಮೇಲೆ ಇದರ ಬೆಲೆ ಧನ ಸಂಖ್ಯೆ. (1 + i)² = 2i ಆದ್ದರಿಂದ f(2i) = 1 + i. ಧನ ಅಕ್ಷದಾಚೆಗೆ ಪ್ರತಿಫಲಿಸಿದರೆ F(−2i) = 1 − i. ತಾಳೆ ನೋಡಿದರೆ (1 − i)² = −2i; ಸರಿಯಾಗಿದೆ.

ಋಣ ಅಕ್ಷದಲ್ಲಿ ಹೀಗಲ್ಲ. −4 ರ ಬಳಿ ಮೇಲಿನಿಂದ ಬಂದರೆ ಬೆಲೆ 2i, ಕೆಳಗಿನ F ಕೊಡುವುದು −2i. ಬೆಸುಗೆ ಬಿಟ್ಟಿತು! ಅಲ್ಲಿ f ವಾಸ್ತವವಲ್ಲದಿರುವುದೇ ಕಾರಣ. ಆದರೆ g = i·f ಋಣ ಅಕ್ಷದ ಮೇಲೆ ವಾಸ್ತವ. g(2i) = −1 + i; ಇದನ್ನು ಪ್ರತಿಫಲಿಸಿದರೆ −2i ನಲ್ಲಿ −1 − i ದೊರೆಯುತ್ತದೆ; i ಯಿಂದ ಭಾಗಿಸಿದರೆ −1 + i. ಇದರ ವರ್ಗವೂ −2i ಯೇ!

ಬಲಬಾಗಿಲಿನಿಂದ ಇಳಿದರೆ ಒಂದು ಮೂಲ, ಎಡಬಾಗಿಲಿನಿಂದ ಇಳಿದರೆ ಅದರ ಋಣ. ಪ್ರತಿಫಲನವು ಒಂದು ತುಂಡಿನ ಮೂಲಕ ಒಂದೇ ವಿಸ್ತರಣವನ್ನು ಕೊಡುತ್ತದೆ. ಬೇರೆ ಬೇರೆ ತುಂಡುಗಳ ಮೂಲಕ ಹೋದವು ಕೆಳಗಡೆ ಒಂದಾಗಲೇಬೇಕೆಂಬ ನಿಯಮವಿಲ್ಲ.